ಪ್ರಶ್ನಾರ್ಥಕ ಚಿಹ್ನೆಗೆ ಮುಂಚೆ ಜಾಗ ಬಿಡಬೇಕಾ?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುತ್ತಿದ್ದೇನೆ. ಒಬ್ಬೊಬ್ಬರದು ಒಂದೊಂದು ಪದ್ಧತಿ. ಕೆಲವರು ‘ಬಂದೆಯಾ ?’ ಅಂತ ಜಾಗ ಬಿಟ್ಟು ಬರೆಯುತ್ತಾರೆ. ಮಾತಿಗೆ ಕೋಟ್ ಹಾಕಿ ‘ಎಂದರು’ ಅಂತ ಮುಗಿಸುವಾಗ ಪೂರ್ಣವಿರಾಮ ಎಲ್ಲಿ ಬರಬೇಕು ಅಂತಲೂ ಗೊತ್ತಾಗ್ತಿಲ್ಲ. ಯಾವುದು ಸರಿ?
— ಓದುಗರೊಬ್ಬರು, ಶಿರಸಿ

ಉತ್ತರ: ಜಾಗ ಬಿಡಬೇಡಿ. ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ, ಆಶ್ಚರ್ಯಸೂಚಕ ಎಲ್ಲವೂ ಹಿಂದಿನ ಅಕ್ಷರಕ್ಕೆ ಅಂಟಿಕೊಂಡಿರಬೇಕು. ಜಾಗ ಬರುವುದು ಚಿಹ್ನೆ ಆದ ಮೇಲೆ, ಅದೂ ಒಂದೇ ಒಂದು.

ಹಾಗಂತ ಜಾಗ ಬಿಡುವವರ ಮೇಲೆ ಸಿಟ್ಟಾಗಬೇಡಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಎಷ್ಟೋ ಪುಸ್ತಕಗಳಲ್ಲಿ ಈ ಚಿಹ್ನೆಗಳ ಹಿಂದೆ ಸಣ್ಣ ಸಂದು ಕಾಣುತ್ತದೆ. ಅದನ್ನು ಓದಿ ಬೆಳೆದ ಕಣ್ಣಿಗೆ ಅದೇ ಚೆಂದ. ನಮ್ಮ ಒತ್ತಕ್ಷರದ ಕಾಟವೂ ಇದೆ. ‘ಇತ್ತ.’ ಅಂತ ಬರೆದು ನೋಡಿ. ತ ಒತ್ತು ಬಲಕ್ಕೆ ಇಳಿದು ಕೂತಿರುತ್ತದೆ, ಚುಕ್ಕಿ ಅದಕ್ಕೆ ತಾಗಿದಂತೆ ಕಾಣುತ್ತದೆ. ಆದರೆ ಅದನ್ನು ಫಾಂಟ್ ಮಾಡುವವರು ಸರಿಪಡಿಸಬೇಕು, ಟೈಪ್ ಮಾಡುವವರಲ್ಲ. ಮೊಳೆಯ ಸಂದು ಕೂದಲೆಳೆಯಷ್ಟಿತ್ತು. ನಾವು ಕೀಲಿಮಣೆಯಲ್ಲಿ ಒತ್ತುವುದು ಎರಡು ಪದಗಳ ನಡುವಿನ ಪೂರ್ತಿ ಜಾಗ. ಪುಟ ಕಟ್ಟುವಾಗ ಸಾಲು ಅಲ್ಲೇ ಮುರಿದರೆ ‘ಬಂದೆಯಾ’ ಮೇಲಿನ ಸಾಲಿನಲ್ಲಿ ಉಳಿದು, ಪ್ರಶ್ನಾರ್ಥಕ ಚಿಹ್ನೆ ಮಾತ್ರ ಕೆಳಗಿನ ಸಾಲಿನ ತಲೆಗೆ ಬಂದು ಕೂರಬಹುದು.

ಉದ್ಧರಣ ಚಿಹ್ನೆಯ ವಿಷಯದಲ್ಲಿ ಇದೇ ಜಾಗ ಇನ್ನೊಂದು ಎಡವಟ್ಟು ಮಾಡುತ್ತದೆ. ವರ್ಡ್‌ನಂಥ ತಂತ್ರಾಂಶ ಕೋಟ್ ತೆರೆಯುತ್ತಿದೆಯೋ ಮುಚ್ಚುತ್ತಿದೆಯೋ ಎಂದು ತಿಳಿಯುವುದು ಹಿಂದೆ ಏನಿದೆ ಎಂಬುದನ್ನು ನೋಡಿ. ಹಿಂದೆ ಅಕ್ಷರ ಇದ್ದರೆ ಮುಚ್ಚುತ್ತದೆ, ಖಾಲಿ ಜಾಗ ಇದ್ದರೆ ತೆರೆಯುತ್ತದೆ. ಹಾಗಾಗಿ ಜಾಗ ಬಿಟ್ಟು ಕೋಟ್ ಮುಚ್ಚಲು ಹೋದರೆ ಹೀಗಾಗುತ್ತದೆ:

“ನಾಳೆ ಬರುತ್ತೇನೆ “ ಎಂದರು.

ಕೊನೆಯ ಕೋಟ್ ತಿರುಗಿ ಕೂತಿದೆ, ನೋಡಿ. ಕರಡಿನಲ್ಲಿ ಇಂಥದ್ದು ಕಂಡರೆ ಅಲ್ಲೊಂದು ಬೇಡದ ಜಾಗ ಇದೆ ಅಂತಲೇ ಅರ್ಥ.

ಇನ್ನು ‘ಎಂದರು’. ಆಡಿದ ಮಾತನ್ನು ವಾಕ್ಯಕ್ಕೆ ಕಟ್ಟುವ ಕೆಲಸವನ್ನು ‘ಎಂದು’, ‘ಎಂದರು’, ‘ಅಂತ’ ಇವೇ ಮಾಡುತ್ತವೆ. ವಾಕ್ಯ ಮುಗಿಯುವುದು ‘ಎಂದರು’ ಆದ ಮೇಲೆ. ಅಂದ ಮೇಲೆ ಕೋಟಿನೊಳಗಿನ ಕೊನೆಯ ಚುಕ್ಕಿ ಬೇಡ. ಒಳಗೆ ಎರಡು ವಾಕ್ಯ ಇದ್ದರೆ ಮೊದಲನೆಯದರ ಚುಕ್ಕಿ ಮಾತ್ರ ಉಳಿಯುತ್ತದೆ:

“ಮಳೆ ಜಾಸ್ತಿ ಇದೆ. ನಾಳೆ ಬರುತ್ತೇನೆ” ಎಂದರು.

ಪ್ರಶ್ನಾರ್ಥಕದ ಕತೆ ಬೇರೆ. ಅದು ಕೇಳಿದವರ ದನಿ, ಹಾಗಾಗಿ ಒಳಗೇ ಇರಬೇಕು: “ಯಾವಾಗ ಬರ್ತೀರಿ?” ಎಂದು ಕೇಳಿದರು. ಅದೇ ಮಾತನ್ನು ಕೋಟ್ ಇಲ್ಲದೆ ನೀವೇ ವರದಿ ಮಾಡಿದರೆ ಅದು ಬೇಡ: ಅವನು ಯಾವಾಗ ಬರುತ್ತಾನೆ ಎಂದು ಅಮ್ಮ ಕೇಳಿದರು. ಇಲ್ಲಿ ಕೊನೆಗೆ ಪ್ರಶ್ನಾರ್ಥಕ ಹಾಕುವವರು ಬಹಳ ಜನ. ಅಮ್ಮ ಕೇಳಿದ್ದು ಪ್ರಶ್ನೆ ನಿಜ, ನೀವು ಹೇಳುತ್ತಿರುವುದು ಸುದ್ದಿ ಅಲ್ವಾ? ‘ಎಂದರು’ಗೆ ಮೊದಲು ಅಲ್ಪವಿರಾಮ ಹಾಕುವ ಅಭ್ಯಾಸ ಇಂಗ್ಲಿಷ್‌ನಿಂದ ಬಂದದ್ದು. ಕತೆಗಾರರಲ್ಲಿ ಕೆಲವರಿಗೆ ಅದು ಇಷ್ಟ. ನಾನಂತೂ ತೆಗೆದುಹಾಕುತ್ತೇನೆ.

‘ಎಂದರು’ ಇಲ್ಲದೆ ಮಾತೇ ವಾಕ್ಯವನ್ನು ಮುಗಿಸಿದರೆ ಚುಕ್ಕಿ ಒಳಗಿರಲಿ. ಅವರ ಉತ್ತರ ಇಷ್ಟೇ: “ನಾಳೆ ಬರುತ್ತೇನೆ.”

ಮೇಲೆ ‘ಎಂದರು’ಗೆ ಅಂತ ಬರೆದದ್ದನ್ನು ಗಮನಿಸಿದಿರಾ? ವಿಭಕ್ತಿ ಪ್ರತ್ಯಯ ಕೋಟಿನ ಹೊರಗೆ, ಜಾಗವಿಲ್ಲದೆ ಅಂಟಿಕೊಳ್ಳುತ್ತದೆ. ಪತ್ರಿಕೆಯ ಹೆಸರಿಗೂ ಹಾಗೆಯೇ: ‘ಪ್ರಜಾವಾಣಿ’ಯಲ್ಲಿ, ‘ಸುಧಾ’ದಲ್ಲಿ. ನಡುವೆ ಜಾಗ ಬಿಟ್ಟರೆ ‘ಯಲ್ಲಿ’ ಅನಾಥವಾಗುತ್ತದೆ.

ಇಡೀ ಸಂಚಿಕೆಯನ್ನು ಕೈಯಲ್ಲೇ ತಿದ್ದುತ್ತಾ ಕೂರಬೇಡಿ. ವರ್ಡ್‌ನಲ್ಲಿ Ctrl+H ಒತ್ತಿ. ಹುಡುಕುವ ಪೆಟ್ಟಿಗೆಯಲ್ಲಿ ಒಂದು ಜಾಗ ಮತ್ತು ?, ಬದಲಿಸುವ ಪೆಟ್ಟಿಗೆಯಲ್ಲಿ ಬರೀ ? ಕೊಡಿ. ಎರಡೆರಡು ಜಾಗ ಬಿಟ್ಟವರೂ ಇರುತ್ತಾರೆ. ಹಾಗಾಗಿ ‘ಏನೂ ಸಿಗಲಿಲ್ಲ’ ಅನ್ನುವವರೆಗೆ ಮತ್ತೆ ಮತ್ತೆ ಓಡಿಸಿ. ಆಮೇಲೆ ಉಳಿದ ಚಿಹ್ನೆಗಳಿಗೂ ಒಂದೊಂದಾಗಿ ಹೀಗೇ ಮಾಡಿ.

: ಚಿಹ್ನೆಗೆ ಬಂದಾಗ ಮಾತ್ರ ಒಂದೊಂದನ್ನೂ ಕಣ್ಣಿಟ್ಟು ನೋಡಿ. ವಿಸರ್ಗ ಹಾಕಬೇಕಾದ ಕಡೆ ಸುಮ್ನೆ ಎರಡು ಚುಕ್ಕಿಯ ಕೀಲಿ ಒತ್ತಿದವರು ಇದ್ದೇ ಇರುತ್ತಾರೆ. ‘ಪುನ:’ ಮತ್ತು ‘ಪುನಃ’ ಕಾಗದದ ಮೇಲೆ ಒಂದೇ ಥರ ಕಾಣಬಹುದು. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಕಡತದಲ್ಲಿ ‘ಅಂತಃಕರಣ’ ಅಂತ ಹುಡುಕಿ, ಕಣ್ಣೆದುರೇ ಇದ್ದರೂ ಅದು ಸಿಗದಿದ್ದರೆ ಅಲ್ಲಿರುವುದು ವಿಸರ್ಗವಲ್ಲ.