ಆರೋಗ್ಯ ಲೇಖನದ ಕೆಳಗೆ ಯಾರ ಹೆಸರು, ಎಂಥ ಪರಿಚಯ?

ಪ್ರಶ್ನೆ: ಶಿರಸಿಯಿಂದ ಚಿಕ್ಕ ಸುದ್ದಿ ಜಾಲತಾಣ ನಡೆಸುತ್ತೇವೆ. ಮಂಗನ ಕಾಯಿಲೆ ಬಗ್ಗೆ ನಮ್ಮ ವರದಿಗಾರ್ತಿ ಬರೆದಿದ್ದಾರೆ, ಪರಿಚಯದ ಡಾಕ್ಟರೊಬ್ಬರು ನೋಡಿಕೊಟ್ಟಿದ್ದಾರೆ. ಹೆಸರು, ಪರಿಚಯ ಹೇಗೆ ಹಾಕಬೇಕು? ಹೂಡಿಕೆ ಲೇಖನಕ್ಕೂ ಇದೇ ಕ್ರಮವೇ?

ಇಬ್ಬರ ಹೆಸರನ್ನೂ ಹಾಕಿ, ಆದರೆ ಬೇರೆ ಬೇರೆ ಸಾಲಿನಲ್ಲಿ. ಶೀರ್ಷಿಕೆಯ ಕೆಳಗೆ ‘ಬರಹ’ ಎಂದು ವರದಿಗಾರ್ತಿಯ ಹೆಸರು, ಅದರ ಕೆಳಗೆ ‘ವೈದ್ಯಕೀಯ ಪರಿಶೀಲನೆ’ ಎಂದು ವೈದ್ಯರ ಹೆಸರು ಮತ್ತು ಪದವಿ, ಕೊನೆಗೆ ಪರಿಶೀಲಿಸಿದ ದಿನಾಂಕ. ತೂಕ ಬರಲಿ ಎಂದು ಡಾಕ್ಟರ ಹೆಸರನ್ನೇ ಲೇಖಕರ ಜಾಗದಲ್ಲಿ ಹಾಕುವವರಿದ್ದಾರೆ. ಸಿದ್ದಾಪುರದ ಊರೊಂದರ ಪರಿಸ್ಥಿತಿಯ ಬಗ್ಗೆ ಓದುಗರು ಪ್ರಶ್ನೆ ಕೇಳಿದರೆ ಅಲ್ಲಿಗೆ ಹೋಗದ ಆ ವೈದ್ಯರು ಏನು ಉತ್ತರ ಕೊಡುತ್ತಾರೆ? ‘ನಮ್ಮ ತಂಡದಿಂದ’ ಎಂದು ಬಿಟ್ಟರೆ ಕೇಳಲು ಮನುಷ್ಯರೇ ಸಿಗುವುದಿಲ್ಲ.

ಕನ್ನಡದಲ್ಲಿ ಹೆಚ್ಚು ಎಚ್ಚರ ಬೇಕಿರುವುದು ‘ಡಾ.’ ವಿಷಯದಲ್ಲಿ. ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದವರು, ಗೌರವ ಡಾಕ್ಟರೇಟ್ ಪಡೆದವರು, ಎಂಬಿಬಿಎಸ್, ಬಿಎಎಂಎಸ್ ಮಾಡಿದವರು, ಎಲ್ಲರ ಹೆಸರಿನ ಹಿಂದೆಯೂ ಅದೇ ಒಂದಕ್ಷರ. ಆರೋಗ್ಯ ಲೇಖನದ ಮೇಲೆ ಅದನ್ನು ಕಂಡವರು ವೈದ್ಯರೆಂದೇ ತಿಳಿಯುತ್ತಾರೆ. ಆದ್ದರಿಂದ ಪದವಿಯನ್ನು ಪೂರ್ತಿ ಬರೆಯಿರಿ. ಲೇಖಕರು ವೈದ್ಯರಲ್ಲದ ಪಿಎಚ್‌ಡಿಯವರಾದರೆ ಆ ಲೇಖನದ ಮಟ್ಟಿಗೆ ‘ಡಾ.’ ಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪರಿಶೀಲಿಸಿದ ವೈದ್ಯರ ಪರಿಚಯ ಪುಟದಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಹಾಕಿ. ಓದುಗರು ತಾವೇ ತಾಳೆ ನೋಡಬಹುದು.

ಇನ್ನು ವರದಿಗಾರ್ತಿಯ ಪರಿಚಯ. ‘ಖ್ಯಾತ ಆರೋಗ್ಯ ಬರಹಗಾರ್ತಿ, ಹಲವು ಪ್ರಶಸ್ತಿ ಪುರಸ್ಕೃತೆ, ಪರಿಸರ ಪ್ರೇಮಿ’ ಎಂದರೆ ಅದರಲ್ಲಿ ಪರೀಕ್ಷಿಸಿ ನೋಡುವಂಥದ್ದು ಒಂದೂ ಇಲ್ಲ. ನಿಜವಿದ್ದಲ್ಲಿ ಹೀಗೆ ಬರೆಯಬಹುದು: ‘2019ರಿಂದ ಸಿದ್ದಾಪುರ, ಹೊನ್ನಾವರ ತಾಲೂಕುಗಳ ಆರೋಗ್ಯ ಸುದ್ದಿ ವರದಿ ಮಾಡುತ್ತಿದ್ದಾರೆ. ಪತ್ರಿಕೋದ್ಯಮದಲ್ಲಿ ಎಂಎ. ವೈದ್ಯರಲ್ಲ, ಚಿಕಿತ್ಸೆ, ಔಷಧದ ಮಾಹಿತಿ ಇರುವ ಇವರ ಲೇಖನಗಳನ್ನು ವೈದ್ಯರು ಪರಿಶೀಲಿಸುತ್ತಾರೆ.’ ಕೆಳಗೆ ಇದೇ ವಿಷಯದ ಹಳೆಯ ವರದಿಗಳ ಕೊಂಡಿ ಕೊಡಿ. ‘ವೈದ್ಯರಲ್ಲ’ ಎಂಬ ಮಾತು ಬೆಲೆ ಕಡಿಮೆ ಮಾಡುತ್ತದೆ ಎಂದು ಅಂಜಬೇಡಿ. ಯಾವ ಮಾತಿಗೆ ಯಾರನ್ನು ನಂಬಬೇಕು ಎಂದು ಓದುಗರಿಗೆ ಗೊತ್ತಾಗುವುದೇ ಅದರಿಂದ.

ಪರಿಶೀಲನೆ ಎಂದರೆ ಏನು ನೋಡಿದರು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ: ‘ಲಕ್ಷಣ, ಚಿಕಿತ್ಸೆ, ಎಚ್ಚರಿಕೆಯ ಭಾಗಗಳನ್ನು ವೈದ್ಯರು ನೋಡಿದ್ದಾರೆ, ಪ್ರಕರಣಗಳ ಸಂಖ್ಯೆ ಆರೋಗ್ಯ ಇಲಾಖೆಯದು.’ ಎಡವುವುದು ಆಮೇಲೆ. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ, ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗಬಾರದು ಎಂದು ವೈದ್ಯರು ತಿದ್ದಿಕೊಟ್ಟಿರುತ್ತಾರೆ. ಉಪಸಂಪಾದಕರು ಜಾಗ ಉಳಿಸಲು ಅದನ್ನು ‘ನೋವಿಗೆ ಮಾತ್ರೆ ತೆಗೆದುಕೊಳ್ಳಿ’ ಎಂದು ಕತ್ತರಿಸುತ್ತಾರೆ. ಈಗ ಆ ವೈದ್ಯರ ಹೆಸರು ಅವರು ಕಾಣದ ಸಲಹೆಯ ಮೇಲೆ ಕೂತಿದೆ. ಚಿಕಿತ್ಸೆಯ ಭಾಗದಲ್ಲಿ ಒಂದು ಪದ ಬದಲಾದರೂ ಮತ್ತೆ ತೋರಿಸಿ. ಅದು ಆಗದಿದ್ದರೆ ಪರಿಶೀಲನೆಯ ಸಾಲನ್ನೇ ತೆಗೆಯಿರಿ.

ದಿನಾಂಕವೂ ಹಾಗೆಯೇ. ಈ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಆಮೇಲೆ ನಿಲ್ಲಿಸಲಾಯಿತು. ಹಳೆಯ ಲೇಖನದಲ್ಲಿ ‘ಲಸಿಕೆ ಹಾಕಿಸಿಕೊಳ್ಳಿ’ ಎಂದು ಉಳಿದಿದ್ದು, ಪುಟ ಉಳಿಸಿದಾಗಲೆಲ್ಲ ದಿನಾಂಕ ತಾನೇ ಹೊಸದಾಗುತ್ತಿದ್ದರೆ ಓದುಗರು ಮೋಸಹೋಗುತ್ತಾರೆ. ಅಕ್ಷರದೋಷ ತಿದ್ದಿದ ದಿನ ಬೇರೆ, ವೈದ್ಯರು ನೋಡಿದ ದಿನ ಬೇರೆ. ಎರಡನೆಯದನ್ನು ಕೈಯಿಂದಲೇ ತುಂಬಿ.

ಪುಟದ ಕೋಡಿನಲ್ಲಿ ಲೇಖಕರು ಯಾರೆಂದು ಗೂಗಲ್‌ಗೆ ತಿಳಿಸುವ ಭಾಗವಿರುತ್ತದೆ. ಅದರ `name` ಜಾಗಕ್ಕೆ ಹೆಸರು ಮಾತ್ರ ಬರಬೇಕು. ‘ಡಾ.’, ಹುದ್ದೆ, ‘ಬರಹ:’ ಯಾವುದೂ ಅಲ್ಲಿ ಬೇಡ ಎಂದು ಗೂಗಲ್ ಹೇಳುತ್ತದೆ:

```json
"author": {
  "@type": "Person",
  "name": "ಲೇಖಕಿಯ ಹೆಸರು",
  "jobTitle": "ವರದಿಗಾರ್ತಿ",
  "url": "https://example.com/lekhakaru/hesaru"
}
```

`url` ಲೇಖಕಿಯ ಪರಿಚಯ ಪುಟಕ್ಕೇ ಹೋಗಬೇಕು, ಮುಖಪುಟಕ್ಕಲ್ಲ.

ಹೂಡಿಕೆ ಲೇಖನಕ್ಕೂ ಕ್ರಮ ಇದೇ, ಜೊತೆಗೆ ಬರೆದವರಿಗೆ ಆದಾಯ ಎಲ್ಲಿಂದ ಎಂಬ ಒಂದು ಸಾಲು ಸೇರಬೇಕು. ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಸಂಖ್ಯೆ INA ಎಂದು ಶುರುವಾಗುತ್ತದೆ. ಮ್ಯೂಚುವಲ್ ಫಂಡ್ ವಿತರಕರಿಗೆ ಇರುವುದು ಎಆರ್‌ಎನ್ ಸಂಖ್ಯೆ, ಅವರ ಗಳಿಕೆ ಫಂಡ್ ಕಂಪನಿ ಕೊಡುವ ಕಮಿಷನ್. ಆದ್ದರಿಂದ ವಿತರಕರನ್ನು ‘ಹೂಡಿಕೆ ಸಲಹೆಗಾರರು’ ಎಂದು ಪರಿಚಯಿಸಬಾರದು. ‘ಮ್ಯೂಚುವಲ್ ಫಂಡ್ ವಿತರಕರು, ಮಾರಾಟಕ್ಕೆ ಕಮಿಷನ್ ಪಡೆಯುತ್ತಾರೆ’ ಎಂದು ನೇರವಾಗಿ ಬರೆಯಿರಿ. ಯಾವ ಸಂಖ್ಯೆಯನ್ನೂ ಅವರು ಕೊಟ್ಟ ವಿಸಿಟಿಂಗ್ ಕಾರ್ಡ್ ನೋಡಿ ಹಾಕಬೇಡಿ. ಸೆಬಿ ಅಥವಾ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ತಾಣದಲ್ಲಿ ಹುಡುಕಿ, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿಯೇ ಪ್ರಕಟಿಸಿ.