ಕೈಯಲ್ಲಿ ಸಿರಿಂಜ್ ಇರುವಾಗ ಎಮರ್ಜೆನ್ಸಿ ಬಂದರೆ?

"ವಾರ್ಡಿನಲ್ಲಿ ಇಂಜೆಕ್ಷನ್ ರೆಡಿ ಮಾಡ್ತಿರುವಾಗಲೇ ಎಮರ್ಜೆನ್ಸಿ ಬರುತ್ತೆ. ವಾಪಸ್ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಮರೆತುಹೋಗುತ್ತೆ. ಏನು ಮಾಡಲಿ?"

ನೆನಪನ್ನು ನಂಬಬೇಡಿ, ಟ್ರೇಯಲ್ಲೇ ಗುರುತು ಬಿಟ್ಟುಹೋಗಿ. ಸಿರಿಂಜಿಗೆ ಔಷಧಿ ಎಳೆದ ತಕ್ಷಣ, ಕೆಳಗಿಡುವ ಮೊದಲೇ, ಲೇಬಲ್ ಅಂಟಿಸಿ: ರೋಗಿಯ ಹೆಸರು, ಐಪಿ ನಂಬರ್, ಔಷಧಿ, ಡೋಸ್, ಟೈಮ್. ಅಷ್ಟಕ್ಕೂ ಸಮಯವಿಲ್ಲ ಅಂದರೆ ಆ ಸಿರಿಂಜನ್ನು ಬಿಸಾಡಿ ಓಡಿ.

ಒಂದು ರಾತ್ರಿ ನಾನು ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಅನ್ನು 10 ಎಂ.ಎಲ್ ಸಲೈನಿನಲ್ಲಿ ಕರಗಿಸಿ ಇಟ್ಟಿದ್ದೆ, ಪಕ್ಕದಲ್ಲೇ ಲೈನ್ ಫ್ಲಶ್ ಮಾಡಲು ಬರೀ ಸಲೈನ್ ತುಂಬಿದ ಇನ್ನೊಂದು ಸಿರಿಂಜ್ ಇತ್ತು, ಅಷ್ಟರಲ್ಲಿ 7ನೇ ಬೆಡ್ಡಿನ ಅಜ್ಜನಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಇಪ್ಪತ್ತು ನಿಮಿಷದ ಮೇಲೆ ಬಂದು ನೋಡಿದರೆ ಎರಡೂ ನೀರಿನ ಹಾಗೇ ಇವೆ, ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ಎರಡನ್ನೂ ಚೆಲ್ಲಿದೆ. ಖಾಲಿ ವಯಲ್ ಪಕ್ಕದಲ್ಲೇ ಇತ್ತು, ಆದರೆ ಅದು ಯಾವ ಸಿರಿಂಜಿಗೆ ಹೋಯಿತು ಅಂತ ಹೇಳೋದಿಲ್ಲ ಅಲ್ವಾ?

ಇನ್ನೊಂದು, ಡ್ರಗ್ ಚಾರ್ಟಿನಲ್ಲಿ ಸಹಿಯನ್ನು ಔಷಧಿ ಕೊಟ್ಟ ಮೇಲೆಯೇ ಹಾಕಿ. ಮೊದಲೇ ಹಾಕಿ ಓಡಿದರೆ ಡೋಸ್ ತಪ್ಪುತ್ತೆ, ಚಾರ್ಟ್ ನೋಡಿದವರಿಗೆ ಕೊಟ್ಟಾಗಿದೆ ಅನ್ನಿಸುತ್ತೆ. ಕೊಟ್ಟು ಸಹಿ ಹಾಕದಿದ್ದರೆ ಮುಂದಿನ ಶಿಫ್ಟಿನವರು ಮತ್ತೆ ಕೊಡಬಹುದು, ಹಾಗಾಗಿ ಬೆಡ್ ಬಿಡುವ ಮೊದಲೇ ಸಹಿ ಮುಗಿಸಿ. ವಾಪಸ್ ಬಂದಾಗ ನಿಲ್ಲಿಸಿದಲ್ಲಿಂದ ಹಿಡಿಯಬೇಡಿ, ಕೈಪಟ್ಟಿಯ ಹೆಸರು ಓದುವುದರಿಂದಲೇ ಮತ್ತೆ ಶುರು ಮಾಡಿ.