ಒಂದೇ ತಿರುವಿಗೆ ಎಸಿಎಲ್, ಮೆನಿಸ್ಕಸ್, ಮೂಳೆ ಎಲ್ಲಕ್ಕೂ ಪೆಟ್ಟು: ಮಂಡಿಯ ಎಂಆರ್‌ಐ ಓದೋದು ಹೇಗೆ?

ಪ್ರಶ್ನೆ: ಮೂರು ವಾರದ ಹಿಂದೆ ಫುಟ್‌ಬಾಲ್ ಆಡುವಾಗ ಓಡ್ತಾ ಓಡ್ತಾ ದಿಕ್ಕು ಬದಲಿಸಿದೆ, ಬಲಮಂಡಿ ತಿರುಚಿತು. ಟಕ್ ಅಂತ ಸದ್ದು ಬಂತು, ಸಂಜೆಯೊಳಗೆ ಊದಿಕೊಂಡಿತು. ಎಂಆರ್‌ಐ ರಿಪೋರ್ಟ್‌ನಲ್ಲಿ ಹೀಗಿದೆ: ಎಸಿಎಲ್ ಕಂಪ್ಲೀಟ್ ಟೇರ್, ಎಂಸಿಎಲ್ ಗ್ರೇಡ್ 1, ಲ್ಯಾಟರಲ್ ಫೀಮರ್, ಲ್ಯಾಟರಲ್ ಟಿಬಿಯಾದ ಹಿಂಭಾಗ ಮತ್ತು ಮೀಡಿಯಲ್ ಟಿಬಿಯಾದ ಹಿಂಭಾಗದಲ್ಲಿ ಬೋನ್ ಕಂಟ್ಯೂಷನ್, ಮೀಡಿಯಲ್ ಮೆನಿಸ್ಕಸ್‌ನ ಪೋಸ್ಟೀರಿಯರ್ ಹಾರ್ನ್‌ನಲ್ಲಿ ಗ್ರೇಡ್ 2 ಸಿಗ್ನಲ್. ಯಾರೂ ನನಗೆ ತಾಗಿರಲೇ ಇಲ್ಲ. ಇಷ್ಟೆಲ್ಲ ಹೇಗೆ ಆಯ್ತು? ಇದರಲ್ಲಿ ಯಾವುದಕ್ಕೆ ಹೆದರಬೇಕು?

ನಾನು ರೇಡಿಯಾಲಜಿಸ್ಟ್. ಮಂಡಿಯ ಎಂಆರ್‌ಐ ನೋಡೋದು ನನ್ನ ದಿನನಿತ್ಯದ ಕೆಲಸ. ನಿಮ್ಮ ಚಿತ್ರಗಳನ್ನು ನಾನು ನೋಡಿಲ್ಲ, ಹಾಗಾಗಿ ನೀವು ಬರೆದ ಸಾಲುಗಳನ್ನಷ್ಟೇ ಇಟ್ಟುಕೊಂಡು ಹೇಳುತ್ತೇನೆ. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅದರ ವಿಷಯ ನಿಮ್ಮ ಡಾಕ್ಟರ್ ಹೇಗೂ ಹೇಳಿರುತ್ತಾರೆ. ನನ್ನ ಕಣ್ಣು ನಿಂತಿದ್ದು ಕೊನೆಯ ಎರಡು ಸಾಲುಗಳ ಮೇಲೆ. ಮೀಡಿಯಲ್ ಅಂದರೆ ಒಳಬದಿಯ ಟಿಬಿಯಾದ ಹಿಂಭಾಗದ ಕಂಟ್ಯೂಷನ್, ಅಂದರೆ ಮೂಳೆಯೊಳಗಿನ ಜಜ್ಜುಗಾಯ, ಅದರ ಪಕ್ಕದಲ್ಲೇ ಮೆನಿಸ್ಕಸ್‌ನಲ್ಲಿ ಇರುವ ಆ ಗ್ರೇಡ್ 2 ಸಿಗ್ನಲ್. ಮೆನಿಸ್ಕಸ್ ಅಂದರೆ ತೊಡೆಮೂಳೆ ಮತ್ತು ಟಿಬಿಯಾ ನಡುವಿನ ಮೆತ್ತೆ. ಅಲ್ಲಿಗೆ ಬರುವ ಮೊದಲು ಆ ಕ್ಷಣದಲ್ಲಿ ಮಂಡಿಯೊಳಗೆ ಏನಾಯಿತು ಅಂತ ನೋಡೋಣ.

ಯಾರೂ ತಾಗದೆ ಎಸಿಎಲ್ ಹರಿಯೋದು ಫುಟ್‌ಬಾಲ್‌ನಲ್ಲಿ ಬಹಳ ಸಾಮಾನ್ಯ. ಶೂನ ಸ್ಟಡ್‌ಗಳು ನೆಲದಲ್ಲಿ ಕಚ್ಚಿಕೊಂಡಿರುತ್ತವೆ. ಪಾದ ಅಲ್ಲೇ ನಿಲ್ಲುತ್ತೆ, ದೇಹ ಇನ್ನೊಂದು ಕಡೆ ತಿರುಗುತ್ತೆ. ಸ್ವಲ್ಪವೇ ಮಡಚಿದ ಮಂಡಿ ಒಳಮುಖವಾಗಿ ಕುಸಿಯುತ್ತೆ. ಟಿಬಿಯಾ, ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆ, ಮುಂದೆ ಜಾರದ ಹಾಗೆ ಹಿಡಿದಿರೋದು ಎಸಿಎಲ್. ಆ ಹೊರೆ ತಾಳದೆ ಅದು ಹರಿಯುತ್ತೆ. ನೀವು ಕೇಳಿದ ಟಕ್ ಸದ್ದು ಬಹುಶಃ ಅದೇ. ಅದರೊಳಗಿನ ರಕ್ತನಾಳಗಳೂ ಹರಿದು ಮಂಡಿಯೊಳಗೆ ರಕ್ತ ತುಂಬುತ್ತೆ. ಊತ ಮರುದಿನದವರೆಗೆ ಕಾಯದೆ ಸಂಜೆಯೊಳಗೇ ಬಂದಿದ್ದು ಅದಕ್ಕೇ.

ಎಸಿಎಲ್ ಹೋದ ತಕ್ಷಣ ಟಿಬಿಯಾ ಮುಂದಕ್ಕೆ ಜಾರುತ್ತೆ, ಜಾಸ್ತಿ ಜಾರೋದು ಹೊರಬದಿ. ಆಗ ತೊಡೆಮೂಳೆಯ ಹೊರಬದಿಯ ಗುಂಡು ಭಾಗ ಟಿಬಿಯಾದ ಹಿಂದಿನ ಅಂಚಿಗೆ ಬಲವಾಗಿ ಬಡಿಯುತ್ತೆ. ನಿಮ್ಮ ಮೊದಲ ಎರಡು ಕಂಟ್ಯೂಷನ್ ಇದೇ ಪೆಟ್ಟಿನ ಎರಡು ಬದಿ. ಕೊಬ್ಬಿನ ಸಿಗ್ನಲ್ ಅಡಗಿಸಿ ತೆಗೆಯುವ ಚಿತ್ರಗಳಲ್ಲಿ ಆರೋಗ್ಯವಂತ ಮೂಳೆ ಕಪ್ಪಾಗಿ ಕಾಣುತ್ತೆ, ಪೆಟ್ಟು ಬಿದ್ದ ಜಾಗ ಬೆಳ್ಳಗೆ ಮಬ್ಬಾಗಿ ಹರಡಿರುತ್ತೆ. ಈ ಜೋಡಿ ಕಂಡರೆ ನಾವು ಎಸಿಎಲ್ ನೋಡುವ ಮೊದಲೇ ಅದು ಹರಿದಿರಬೇಕು ಅಂದುಕೊಳ್ಳುತ್ತೇವೆ. ಇದು ಮೂಳೆ ಎರಡಾಗಿ ಮುರಿದ ಫ್ರಾಕ್ಚರ್ ಅಲ್ಲ. ಒಳಗಿನ ಜಾಲರಿಯಂಥ ಭಾಗ ಜಜ್ಜಿ ರಕ್ತ, ನೀರು ಸೇರಿರುತ್ತೆ ಅಷ್ಟೆ. ಕೆಲವು ತಿಂಗಳಲ್ಲಿ ತಾನಾಗಿ ಮಾಯುತ್ತೆ.

ಪೆಟ್ಟಿನ ಜಾಗ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಉದಾಹರಣೆ. ಮಂಡಿಚಿಪ್ಪು ಹೊರಬದಿಗೆ ಜಾರಿ ವಾಪಸ್ ಕೂತವರೂ ನಿಮ್ಮಂತೆಯೇ ತಿರುಚಿತು, ಊದಿತು ಅಂತ ಬರುತ್ತಾರೆ. ಚಿಪ್ಪು ತಾನಾಗಿ ಕೂತುಬಿಟ್ಟಿದ್ದರೆ ಜಾರಿದ್ದು ಅವರಿಗೇ ಗೊತ್ತಿರೋದಿಲ್ಲ. ಅವರ ಎಂಆರ್‌ಐನಲ್ಲಿ ಕಂಟ್ಯೂಷನ್ ಇರೋದು ಚಿಪ್ಪಿನ ಒಳ ಅಂಚಿನಲ್ಲಿ ಮತ್ತು ತೊಡೆಮೂಳೆಯ ಹೊರಬದಿಯ ಮುಂಭಾಗದಲ್ಲಿ. ನಿಮ್ಮದು ಆ ಗುಂಪಿಗೆ ಸೇರೋದಿಲ್ಲ.

ಎಸಿಎಲ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಪಕ್ಕದಿಂದ ನೋಡುವ ಚಿತ್ರಗಳಲ್ಲಿ ಅದು ಓರೆಯಾದ ಕಪ್ಪು ಪಟ್ಟಿಯಾಗಿ ಕಾಣಬೇಕು. ಹರಿದಾಗ ಪಟ್ಟಿ ತುಂಡಾಗಿ, ಬೆಳ್ಳಗೆ ಊದಿಕೊಂಡು, ಕೆಳಕ್ಕೆ ಮಲಗಿರುತ್ತೆ. ಎಸಿಎಲ್ ಹಿಂದೆ ಪಿಸಿಎಲ್ ಅನ್ನೋ ಇನ್ನೊಂದು ಲಿಗಮೆಂಟ್ ಇದೆ, ರಿಪೋರ್ಟ್‌ನಲ್ಲಿ ಎಲ್ಲಾದರೂ ಪಿಸಿಎಲ್ ಬಕ್ಲಿಂಗ್ ಅಂತ ಇದ್ದರೆ ಅದೂ ಹರಿದಿದೆ ಅಂತ ಗಾಬರಿಯಾಗಬೇಡಿ. ಟಿಬಿಯಾ ಮುಂದೆ ಬಂದಾಗ ಪಿಸಿಎಲ್ ಸಡಿಲವಾಗಿ ಬಾಗುತ್ತೆ, ಅಷ್ಟೇ. ಇನ್ನು ಪೂರ್ತಿಯೋ ಅರ್ಧವೋ ಅನ್ನೋದರಲ್ಲಿ ಎಂಆರ್‌ಐ ಕೆಲವೊಮ್ಮೆ ಎಡವುತ್ತೆ. ಮಂಡಿ ಹಿಡಿದು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಟೆಸ್ಟ್ ಅಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ಎಂಸಿಎಲ್ ಗ್ರೇಡ್ 1 ಅಂದರೆ ಮಂಡಿಯ ಒಳಬದಿಯ ಲಿಗಮೆಂಟ್‌ನ ಎಳೆಗಳು ಸರಿಯಾಗಿವೆ, ಸುತ್ತ ನೀರು ತುಂಬಿದೆ. ಮಂಡಿ ಒಳಮುಖ ಕುಸಿದಾಗ ಒಳಬದಿ ಎಳೆದಿದ್ದರಿಂದ ಆಗಿದ್ದು. ಆಪರೇಷನ್ ಇಲ್ಲದೆ ಗುಣವಾಗುತ್ತೆ.

ಈಗ ಮೂರನೇ ಕಂಟ್ಯೂಷನ್‌ಗೆ ಬರೋಣ. ಮುಂದೆ ಜಾರಿದ ಟಿಬಿಯಾ ವಾಪಸ್ ಜಾಗಕ್ಕೆ ಬರುವಾಗ ಒಳಬದಿಯ ತೊಡೆಮೂಳೆ ಟಿಬಿಯಾದ ಒಳ-ಹಿಂದಿನ ಅಂಚಿಗೆ ಹೊಡೆಯುತ್ತೆ ಅನ್ನೋದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಸರಿಯಾಗಿ ಅದೇ ಜಾಗದಲ್ಲಿ ಮೀಡಿಯಲ್ ಮೆನಿಸ್ಕಸ್‌ನ ಪೋಸ್ಟೀರಿಯರ್ ಹಾರ್ನ್, ಅಂದರೆ ಹಿಂದಿನ ಭಾಗ, ಕೂತಿರುತ್ತೆ, ಹಿಂದೆ ಮಂಡಿಯ ಕೀಲನ್ನು ಸುತ್ತುವರಿದ ಕ್ಯಾಪ್ಸೂಲ್ ಅನ್ನೋ ಪೊರೆಗೆ ಅಂಟಿಕೊಂಡು. ಮೂಳೆಗಳ ನಡುವೆ ಸಿಕ್ಕಿದ ಮೆನಿಸ್ಕಸ್ ಒಂದು ಕಡೆ, ಅದನ್ನು ಎಳೆಯುವ ಕ್ಯಾಪ್ಸೂಲ್ ಇನ್ನೊಂದು ಕಡೆ. ಸೀರೆಯ ಅಂಚು ಹೊಲಿಗೆ ಬಿಟ್ಟುಕೊಂಡ ಹಾಗೆ ಮೆನಿಸ್ಕಸ್ ಕ್ಯಾಪ್ಸೂಲ್‌ನಿಂದ ಬಿಡಬಹುದು. ಇದಕ್ಕೆ ರ‍್ಯಾಂಪ್ ಲೀಷನ್ ಅಂತಾರೆ. ಎಸಿಎಲ್ ಹರಿದವರಲ್ಲಿ ಇದು ಅಪರೂಪವೇನಲ್ಲ.

ಹಾಗಾದರೆ ರಿಪೋರ್ಟ್‌ನಲ್ಲಿ ಗ್ರೇಡ್ 2 ಅಂತ ಯಾಕಿದೆ? ಮೆನಿಸ್ಕಸ್ ಎಂಆರ್‌ಐನಲ್ಲಿ ಕಪ್ಪು ತ್ರಿಕೋನವಾಗಿ ಕಾಣುತ್ತೆ. ಅದರೊಳಗೆ ಬೆಳ್ಳಗಿನ ಗೆರೆ ಇದ್ದು, ಅದು ಮೇಲಿನ ಅಥವಾ ಕೆಳಗಿನ ಮೈವರೆಗೆ ಮುಟ್ಟದಿದ್ದರೆ ಗ್ರೇಡ್ 1 ಅಥವಾ 2. ಅದನ್ನು ಟೇರ್ ಅನ್ನೋದಿಲ್ಲ. ಮುಟ್ಟಿದರೆ ಗ್ರೇಡ್ 3. ಅದೂ ಒಂದೇ ಚಿತ್ರದಲ್ಲಿ ಮುಟ್ಟಿದಂತೆ ಕಂಡರೆ ಸಾಲದು, ಎರಡು ಚಿತ್ರಗಳಲ್ಲಾದರೂ ಕಾಣಬೇಕು ಅನ್ನೋದು ನಾವು ಪಾಲಿಸುವ ನಿಯಮ. ಇಷ್ಟರ ಮಟ್ಟಿಗೆ ಗ್ರೇಡ್ 2 ಒಳ್ಳೆಯ ಸುದ್ದಿಯೇ.

ಆದರೆ ಈ ಅಳತೆ ಇರೋದು ಮೆನಿಸ್ಕಸ್‌ನ ಮೈಯೊಳಗಿನ ಗೆರೆಗಳಿಗೆ. ಮೆನಿಸ್ಕಸ್ ಮತ್ತು ಕ್ಯಾಪ್ಸೂಲ್ ಸೇರುವ ಗಡಿಯಲ್ಲಿ ಬಿಟ್ಟುಕೊಂಡಿದ್ದರೆ ಅದು ಈ ಲೆಕ್ಕಕ್ಕೆ ಸರಿಯಾಗಿ ಸಿಗೋದಿಲ್ಲ. ಜೊತೆಗೆ ಸ್ಕ್ಯಾನ್ ಮಾಡುವಾಗ ನಿಮ್ಮ ಮಂಡಿ ಹೆಚ್ಚುಕಮ್ಮಿ ನೇರವಾಗಿರುತ್ತೆ. ನೇರ ಮಂಡಿಯಲ್ಲಿ ಆ ಬಿರುಕು ಮುಚ್ಚಿಕೊಂಡಿರುತ್ತೆ, ಮಡಚಿದಾಗಷ್ಟೇ ತೆರೆದುಕೊಳ್ಳುತ್ತೆ. ಚಿತ್ರಗಳ ಪದರ ಸಾಮಾನ್ಯವಾಗಿ ಸುಮಾರು 3 ಮಿಲಿಮೀಟರ್ ದಪ್ಪ. ತೆಳುವಾದ ಬಿರುಕು ಅದರಲ್ಲಿ ಕಳೆದುಹೋಗೋದು ಸುಲಭ. ಹೀಗಾಗಿ ರ‍್ಯಾಂಪ್ ಲೀಷನ್ ಎಂಆರ್‌ಐನಲ್ಲಿ ತಪ್ಪಿಹೋಗೋದು ಎಲ್ಲರಿಗೂ ಗೊತ್ತಿರುವ ಸಂಗತಿ.

ನಿಮ್ಮ ರೇಡಿಯಾಲಜಿಸ್ಟ್ ಹತ್ತಿರ ಒಂದು ಪ್ರಶ್ನೆ ಕೇಳಬಹುದು. ಪೋಸ್ಟೀರಿಯರ್ ಹಾರ್ನ್‌ನ ಆ ಗೆರೆ ಉದ್ದಕ್ಕೆ ನಿಂತಿದೆಯಾ, ಅಥವಾ ಅಡ್ಡ ಮಲಗಿದೆಯಾ? ಮೆನಿಸ್ಕಸ್‌ನ ಒಳಗೆ ಅಡ್ಡವಾಗಿ ಮಬ್ಬಾಗಿದ್ದರೆ ಚಿಂತೆ ಕಡಿಮೆ. ಹಿಂದಿನ ಅಂಚಿನಲ್ಲೇ ನೇರವಾಗಿ ನಿಂತಿದ್ದು, ಮೆನಿಸ್ಕಸ್ ಮತ್ತು ಕ್ಯಾಪ್ಸೂಲ್ ನಡುವೆ ನೀರಿನಷ್ಟೇ ಬೆಳ್ಳಗಿನ ಗೆರೆ ಮೇಲಿಂದ ಕೆಳಗಿನವರೆಗೆ ಇದ್ದರೆ, ಅಥವಾ ಮೆನಿಸ್ಕಸ್‌ನ ಹಿಂಬದಿ ಒರಟಾಗಿ ಕಂಡರೆ, ರ‍್ಯಾಂಪ್ ಲೀಷನ್ ಅಂತಲೇ ಅನುಮಾನ ಪಡಬೇಕು. ನಿಮ್ಮ ಮೂಳೆಯ ಕಂಟ್ಯೂಷನ್ ಆ ಅನುಮಾನವನ್ನು ಬಲಪಡಿಸುತ್ತೆ, ಆದರೆ ಸಾಬೀತು ಮಾಡೋದಿಲ್ಲ. ಕಂಟ್ಯೂಷನ್ ಇದ್ದೂ ಮೆನಿಸ್ಕಸ್ ಗಟ್ಟಿಯಾಗಿರೋದನ್ನೂ ನೋಡುತ್ತೇವೆ.

ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಆರ್ಥ್ರೋಸ್ಕೋಪಿಯಲ್ಲಿ ಕ್ಯಾಮೆರಾ ಮಂಡಿಯ ಮುಂಭಾಗದಿಂದ ಒಳಗೆ ಹೋಗುತ್ತೆ. ಮಾಮೂಲಿಯಾಗಿ ನೋಡಿದರೆ ಆ ಹಿಂದಿನ ಮೂಲೆ ಕಾಣಿಸೋದೇ ಇಲ್ಲ. ಸರ್ಜನ್ ಬೇಕು ಅಂತಲೇ ಎರಡು ಮೂಳೆಗುಂಡುಗಳ ನಡುವಿನ ಸಂದಿನಿಂದ ಕ್ಯಾಮೆರಾ ಹಿಂದಕ್ಕೆ ತೂರಿಸಿ, ಸಲಾಕೆಯಿಂದ ಮೆನಿಸ್ಕಸ್ ಅಲುಗಾಡಿಸಿ ನೋಡಬೇಕು. ಹೊಸ ಎಸಿಎಲ್ ಹಾಕಿ ಈ ಬಿರುಕನ್ನು ಹಾಗೇ ಬಿಟ್ಟರೆ ಟಿಬಿಯಾ ಮುಂದೆ ಜಾರದಂತೆ ತಡೆಯುವ ಎರಡನೇ ಆಸರೆ ಇಲ್ಲದಂತಾಗುತ್ತೆ, ಆ ಹೊರೆಯೂ ಹೊಸ ಗ್ರಾಫ್ಟ್ ಮೇಲೆ ಬೀಳುತ್ತೆ. ಇನ್ನೊಂದು ವಿಷಯ, ಮೆನಿಸ್ಕಸ್‌ಗೆ ರಕ್ತ ಸಿಗೋದು ಅದರ ಹೊರ ಅಂಚಿನಲ್ಲಿ ಮಾತ್ರ. ಈ ಬಿರುಕು ಆ ಅಂಚಿನಲ್ಲೇ ಇರೋದರಿಂದ ಹೊಲಿಗೆ ಹಾಕಿದರೆ ಚೆನ್ನಾಗಿ ಕೂಡಿಕೊಳ್ಳುತ್ತೆ. ಕತ್ತರಿಸಿ ತೆಗೆಯುವ ಮಾತೇ ಬರಬಾರದು.

ಹೊರಬದಿಯ ಮೆನಿಸ್ಕಸ್ ಬಗ್ಗೆ ನಿಮ್ಮ ರಿಪೋರ್ಟ್‌ನಲ್ಲಿ ಒಂದು ಮಾತೂ ಇಲ್ಲ ಅಲ್ವಾ? ಅದನ್ನೂ ಕೇಳಿ. ಎಸಿಎಲ್, ಎಂಸಿಎಲ್, ಒಳ ಮೆನಿಸ್ಕಸ್ ಮೂರೂ ಒಟ್ಟಿಗೆ ಹೋಗುತ್ತವೆ ಅಂತ ಹಳೇ ಕೋಚ್‌ಗಳು ಇವತ್ತಿಗೂ ಹೇಳುತ್ತಾರೆ. ಅಮೆರಿಕದ ಸರ್ಜನ್ ಓ'ಡೊನೊಹ್ಯೂ 1950ರಲ್ಲಿ ಬರೆದ ತ್ರಿವಳಿ ಅದು. ಆಮೇಲಿನ ಅಧ್ಯಯನಗಳಲ್ಲಿ ಹೊಸದಾಗಿ ಆದ ಗಾಯಗಳಲ್ಲಿ ಹೊರ ಮೆನಿಸ್ಕಸ್ಸೇ ಹೆಚ್ಚಾಗಿ ಹರಿಯುತ್ತೆ ಅಂತ ಕಂಡುಬಂತು. 2023ರ ನವೆಂಬರ್‌ನಲ್ಲಿ ಜಾರ್ಜಿಯಾ ವಿರುದ್ಧ ಆಡುವಾಗ ಸ್ಪೇನ್‌ನ ಗಾವಿಗೆ ಆಗಿದ್ದೂ ಎಸಿಎಲ್ ಜೊತೆಗೆ ಹೊರ ಮೆನಿಸ್ಕಸ್‌ನ ಗಾಯವೇ. ಅಲ್ಲಿ ಮುಖ್ಯವಾಗಿ ನೋಡಬೇಕಾದ್ದು ಹಿಂದಿನ ರೂಟ್, ಅಂದರೆ ಮೆನಿಸ್ಕಸ್ ಮೂಳೆಗೆ ಅಂಟುವ ಜಾಗ. ಆ ಜಾಗ ನಮಗೂ ತಲೆನೋವು. ಪಕ್ಕದಲ್ಲೇ ಬೇರೆ ಲಿಗಮೆಂಟ್ ಬಂದು ಸೇರುತ್ತೆ, ಇಲ್ಲದ ಟೇರ್ ಇರುವಂತೆ ಕಾಣುತ್ತೆ, ಇರೋದು ಮರೆಯಾಗುತ್ತೆ.

ಹೆದರಬೇಕಾದ್ದು ಯಾವಾಗ ಅಂದರೆ, ಮಂಡಿ ಪೂರ್ತಿ ನೇರ ಮಾಡೋಕೆ ಆಗದೆ ಏನೋ ಅಡ್ಡ ಸಿಕ್ಕಿದ ಹಾಗೆ ಲಾಕ್ ಆದರೆ. ಉದ್ದಕ್ಕೆ ಹರಿದ ಮೆನಿಸ್ಕಸ್‌ನ ತುಂಡು ಮಗುಚಿ ಮಂಡಿಯ ಮಧ್ಯಕ್ಕೆ ಬಂದಿರಬಹುದು. ಎಂಆರ್‌ಐನಲ್ಲಿ ಪಿಸಿಎಲ್ ಕೆಳಗೆ ಇನ್ನೊಂದು ಪಿಸಿಎಲ್ ಇದ್ದಂತೆ ಕಾಣುತ್ತೆ. ಇದನ್ನು ಬಕೆಟ್ ಹ್ಯಾಂಡಲ್ ಟೇರ್ ಅಂತಾರೆ, ಇದಕ್ಕೆ ಆಪರೇಷನ್ ಬೇಗ ಬೇಕು. ಸ್ಕ್ಯಾನ್ ಆದ ಮೇಲೆ ನೀವು ಮತ್ತೆ ಮಂಡಿ ತಿರುಚಿಕೊಂಡು ಹೀಗಾದರೆ ಹಳೇ ರಿಪೋರ್ಟ್ ನಂಬಿ ಕೂರಬೇಡಿ. ಪಾದ ತಣ್ಣಗಾದರೆ ಅಥವಾ ಮರಗಟ್ಟಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಲಾಕ್ ಇಲ್ಲ ಅಂದರೆ ಸಾಮಾನ್ಯವಾಗಿ ಊತ ಇಳಿದು, ಮಂಡಿ ನೇರವಾಗಿ, ತೊಡೆಯ ಸ್ನಾಯು ಕೆಲಸ ಮಾಡತೊಡಗಿದ ಮೇಲೆ ಎಸಿಎಲ್ ಆಪರೇಷನ್ ಮಾಡುತ್ತಾರೆ. ಅಲ್ಲಿಯವರೆಗೆ ತಿರುಗುವ ಆಟ ಬೇಡ. ಎಸಿಎಲ್ ಇಲ್ಲದ ಮಂಡಿ ಪದೇ ಪದೇ ಜಾರಿದಷ್ಟೂ ಒಳ ಮೆನಿಸ್ಕಸ್ ಹರಿಯುವ ಸಾಧ್ಯತೆ ಏರುತ್ತೆ. ಸರ್ಜನ್ ಹತ್ತಿರ ಹೋಗುವಾಗ ಬರೀ ರಿಪೋರ್ಟ್ ಸಾಲದು, ಚಿತ್ರಗಳ ಸಿಡಿಯನ್ನೂ ಒಯ್ಯಿರಿ. "ಒಳಬದಿ ಟಿಬಿಯಾದ ಹಿಂದೆ ಕಂಟ್ಯೂಷನ್ ಇದೆ, ಆರ್ಥ್ರೋಸ್ಕೋಪಿ ಮಾಡುವಾಗ ಹಿಂದಿನ ಮೂಲೆ ನೋಡ್ತೀರಾ, ಬಿಟ್ಟುಕೊಂಡಿದ್ದರೆ ಅವತ್ತೇ ಹೊಲಿಗೆ ಹಾಕ್ತೀರಾ?" ಅಂತ ಕೇಳಿ. ಹೊಲಿಗೆ ಬಿದ್ದರೆ ಭಾರ ಹಾಕೋದು, ಆಳವಾಗಿ ಮಡಚೋದು ಕೆಲವು ವಾರ ಮುಂದೂಡಬೇಕಾಗಬಹುದು. ಆಫೀಸಿಗೆ ಅಥವಾ ಕಾಲೇಜಿಗೆ ರಜೆ ಹಾಕುವ ಮೊದಲೇ ಅದನ್ನೂ ಕೇಳಿಟ್ಟುಕೊಳ್ಳಿ.